ಬೆಂಡೆಗೂ ಮೂಲಂಗಿಗೂ ಒಂದೇ ಕೈಕೂರಿಗೆ: ಅಂತರ ತಪ್ಪುವುದು ಎಲ್ಲಿ?

ಪ್ರಶ್ನೆ: ಸರ್, ಜಗಳೂರು ಹತ್ತಿರ ನಮ್ಮದು ಕೆಂಪು ಮಣ್ಣಿನ ಹೊಲ. ಬೋರ್ ನೀರಲ್ಲಿ ಹತ್ತು ಗುಂಟೆ ತರಕಾರಿ ಮಾಡ್ತೀವಿ. ಬೀಜ ಊರೋಕೆ ಆಳು ಸಿಗಲ್ಲ ಅಂತ ನಾನೇ ಒಂದು ಕೈಯಲ್ಲಿ ಎಳೆಯುವ ಸಾಧನ ಮಾಡಿಸಿದೆ. ಮಕ್ಕಳ ಸೈಕಲ್ಲಿನ 20 ಇಂಚಿನ ಚಕ್ರ, ಅದರ ಜೊತೆ ತಿರುಗುವ ಪಿವಿಸಿ ಪೈಪಿನ ಡ್ರಮ್ಮು, ಡ್ರಮ್ಮಿಗೆ ಐದು ತೂತು. ಸಾಲು ಗೀರುವ ತಾಳು ಚಕ್ರಕ್ಕಿಂತ ಒಂದಡಿ ಮುಂದಿದೆ. ಬೀಜ ಇಳಿಯೋಕೆ ಒಂದೂವರೆ ಅಡಿ ಸುಕ್ಕು ಸುಕ್ಕಾದ ಹೋಸ್ ಪೈಪು. ಬೆಂಡೆ ಒಂದಡಿಗೆ ಒಂದು ಬೀಳಬೇಕಿತ್ತು. ಕೆಲವು ಕಡೆ ಎರಡು ಮೂರು ಒಟ್ಟಿಗೆ ಬೀಳ್ತಾವೆ, ಕೆಲವು ಕಡೆ ಎರಡಡಿ ಏನೂ ಇಲ್ಲ. ಚೈನು ಹಾಕಿ ಹಲ್ಲಿನ ಚಕ್ರ ಬದಲಾಯಿಸೋ ಹಾಗೆ ಮಾಡಿದ್ರೆ ಅಂತರ ಸರಿಯಾಗುತ್ತೆ ಅಂತ ವೆಲ್ಡಿಂಗ್ ಅಂಗಡಿಯವರು ಹೇಳ್ತಾರೆ. ಬೆಂಡೆಗೆ 30, ಚವಳಿಕಾಯಿಗೆ 15, ಮೂಲಂಗಿಗೆ 10 ಸೆಂ.ಮೀ. ಬೇಕು. ಚೈನು ಹಾಕಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಚೈನಿನಿಂದ ಡ್ರಮ್ಮು ಬೇಗ ತಿರುಗಬಹುದು, ನಿಧಾನ ತಿರುಗಬಹುದು, ಅಷ್ಟೇ. ನಿಮ್ಮ ಬೀಜ ದಾರಿ ತಪ್ಪುತ್ತಿರುವುದು ಬೇರೆ ಕಡೆ. ಚೈನು ಹಾಕಿಸಿದರೆ ಅದೇ ತಪ್ಪು ಹೊಸ ಅಂತರದಲ್ಲಿ ಮುಂದುವರಿಯುತ್ತದೆ, ಮೇಲಿಂದ ಧೂಳು ತುಂಬಿ ಚೈನು ಕಳಚುವ ತಲೆನೋವು ಬೇರೆ.

ಮೊದಲು ಡ್ರಮ್ಮಿನ ವಿಷಯ. ತೂತು ಕೊರೆದ ಡ್ರಮ್ಮು ಬೀಜವನ್ನು ಎಣಿಸುವುದಿಲ್ಲ, ಉದುರಿಸುತ್ತದೆ. ತೂತು ಕೆಳಕ್ಕೆ ಬಂದಾಗ ಅದರ ಬಾಯಿಗೆ ಎಷ್ಟು ಬೀಜ ಸಿಕ್ಕಿತೋ ಅಷ್ಟು ಬೀಳುತ್ತದೆ. ಒಂದು ಸಿಗಬಹುದು, ಮೂರು ಸಿಗಬಹುದು, ಎರಡು ಬೀಜ ಅಡ್ಡ ಕೂತು ಒಂದೂ ಬೀಳದೆ ಇರಬಹುದು. ಡ್ರಮ್ಮು ತುಂಬಿದ್ದಾಗ ಒಂದು ಲೆಕ್ಕ, ಅರ್ಧ ಖಾಲಿಯಾದಾಗ ಇನ್ನೊಂದು. ಗದ್ದೆಯಲ್ಲಿ ಭತ್ತಕ್ಕೆ ಇದೇ ಡ್ರಮ್ಮು ನಡೆಯುತ್ತದೆ, ಯಾಕಂದರೆ ಅಲ್ಲಿ ಒಂದೊಂದು ಕಡೆ ನಾಲ್ಕೈದು ಕಾಳು ಬಿದ್ದರೂ ಯಾರೂ ಬೇಡ ಅನ್ನುವುದಿಲ್ಲ. ಬೆಂಡೆಗೆ ಆ ಲೆಕ್ಕ ಹೊಂದುವುದಿಲ್ಲ. ನಿಮಗೆ ಬೇಕಾದದ್ದು ಗುಳಿ ಇರುವ ರೋಲರ್. ಅಂದರೆ ಗಟ್ಟಿ ಉರುಳೆಯ ಮೈಮೇಲೆ ಬೀಜ ಕೂರುವಷ್ಟೇ ದೊಡ್ಡ ಕುಳಿಗಳು. ಮೇಲೆ ಬೀಜದ ಪೆಟ್ಟಿಗೆ. ಪ್ರತಿ ಗುಳಿ ಒಂದು ಬೀಜ ಹೊತ್ತು ಕೆಳಗೆ ಬಂದು ಬಿಟ್ಟು ಹೋಗುತ್ತದೆ.

ಡ್ರಮ್ಮು ಬದಲಾಯಿಸಿದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಬೀಜ ಎಲ್ಲಿ ತಪ್ಪುತ್ತಿದೆ ಅನ್ನುವುದನ್ನು ನೆಲವೇ ಹೇಳುತ್ತದೆ, ಅದನ್ನು ಓದುವುದು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಸಾಲಿನಲ್ಲಿ ಖಾಲಿ ಜಾಗ ಚಕ್ರದ ಒಂದು ಸುತ್ತಿಗೊಮ್ಮೆ, ಪ್ರತಿ ಸಲ ಅದೇ ದೂರಕ್ಕೆ ಬರುತ್ತಿದ್ದರೆ ಯಾವುದೋ ಒಂದು ಗುಳಿ ಕೆಟ್ಟಿದೆ: ಬೀಜದ ಸಿಪ್ಪೆ ತುಂಬಿದೆ ಅಥವಾ ಕೊರೆದದ್ದು ಚಿಕ್ಕದಾಗಿದೆ. ಒಂದು ಬೀಜ ಮುಂದಕ್ಕೆ ಸರಿದು ಪಕ್ಕದ ಬೀಜದ ಹತ್ತಿರ ಹೋಗಿ, ಅದರ ಹಿಂದೆ ಉದ್ದ ಖಾಲಿ ಬಿದ್ದಿದ್ದರೆ, ಒಟ್ಟು ಬೀಜಗಳ ಎಣಿಕೆ ಸರಿಯೇ ಇದ್ದರೆ, ಅದು ಪೈಪಿನ ತಪ್ಪು. ಖಾಲಿ ಜಾಗ ಇದ್ದ ಕಡೆ ಚಕ್ರದ ಗುರುತು ಮಾಸಲಾಗಿದ್ದರೆ, ಇಲ್ಲವೇ ಮಣ್ಣು ಉಜ್ಜಿಕೊಂಡು ಹೋದ ಹಾಗೆ ಇದ್ದರೆ, ಅಲ್ಲಿ ಚಕ್ರ ತಿರುಗಿಲ್ಲ, ಜಾರಿದೆ. ನೀವು ಬರೆದದ್ದು ನೋಡಿದರೆ ನಿಮ್ಮಲ್ಲಿ ಈ ಕೊನೆಯ ಎರಡೂ ಇರುವ ಹಾಗಿದೆ.

ಈಗ ಹೊಸದಾಗಿ ಮಾಡುವುದಾದರೆ ಚಕ್ರದಿಂದಲೇ ಶುರು ಮಾಡೋಣ. ನಿಮ್ಮ 20 ಇಂಚಿನ ಚಕ್ರದ ಸುತ್ತಳತೆ ಸುಮಾರು 157 ಸೆಂ.ಮೀ. ಬರುತ್ತದೆ. ಐದು ತೂತಿಗೆ 31 ಸೆಂ.ಮೀ., ಬೆಂಡೆಗೆ ಪರವಾಗಿಲ್ಲ. ಆದರೆ 15 ಸೆಂ.ಮೀ. ಬೇಕಂದರೆ ಹತ್ತೂವರೆ ತೂತು ಬೇಕು, ಅದು ಆಗದ ಮಾತು. ಅದರ ಬದಲು 15 ಇಂಚು ಅಡ್ಡಳತೆಯ ಕಬ್ಬಿಣದ ಚಕ್ರ ಮಾಡಿಸಿ. ಅದರ ಸುತ್ತಳತೆ ಹೆಚ್ಚು ಕಡಿಮೆ 120 ಸೆಂ.ಮೀ. ಈ 120 ತುಂಬಾ ಅನುಕೂಲದ ಸಂಖ್ಯೆ. ನಾಲ್ಕು ಗುಳಿಗೆ 30, ಆರಕ್ಕೆ 20, ಎಂಟಕ್ಕೆ 15, ಹನ್ನೆರಡಕ್ಕೆ 10. ರೋಲರನ್ನು ಚಕ್ರದ ಶಾಫ್ಟಿಗೇ ಕೂರಿಸಿದರೆ ಚಕ್ರ ಒಂದು ಸುತ್ತು, ರೋಲರ್ ಒಂದು ಸುತ್ತು. ಚೈನಿನ ಮಾತೇ ಇಲ್ಲ.

ಅಂತರ ಬದಲಾಯಿಸುವುದು ಹೇಗೆ? ರೋಲರಿಗೆ ಒಂದೇ ಸಲ 24 ಗುಳಿ ಕೊರೆಸಿ. ಎರಡು, ಮೂರು, ನಾಲ್ಕು, ಆರು, ಎಲ್ಲದರಿಂದಲೂ 24 ಭಾಗವಾಗುತ್ತದೆ, ಅದಕ್ಕೇ ಆ ಸಂಖ್ಯೆ. ಒಂದು ಬಿಟ್ಟು ಒಂದು ಮುಚ್ಚಿದರೆ ಮೂಲಂಗಿಯ 10 ಸೆಂ.ಮೀ. ಮೂರಕ್ಕೊಂದು ತೆರೆದಿಟ್ಟರೆ ಚವಳಿಯ 15. ಆರಕ್ಕೊಂದು ತೆರೆದಿಟ್ಟರೆ ಬೆಂಡೆಯ 30. ಮುಚ್ಚಲು ಮೇಣದಬತ್ತಿಯ ಮೇಣ ಸಾಕು. ಕರಗಿಸಿ ಹನಿಸಿ, ಆರಿದ ಮೇಲೆ ಬ್ಲೇಡಿನಿಂದ ಮಟ್ಟಸ ಮಾಡಿ. ಬೇಡವಾದಾಗ ಮೊಳೆಯಿಂದ ಕಿತ್ತು ತೆಗೆಯಬಹುದು. ಎಂ-ಸೀಲ್ ಹಾಕಬೇಡಿ, ಅದು ಕಲ್ಲಾಗಿ ಕೂತರೆ ಮತ್ತೆ ಡ್ರಿಲ್ ಹಿಡಿಯಬೇಕಾಗುತ್ತದೆ.

ಒಂದು ಗುಂಡಿಗೆ ಒಂದೇ ಬೀಜ ಬಿದ್ದರೆ ಅದೇ ಒಳ್ಳೆಯ ಯಂತ್ರ ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ಬೆಂಡೆಯ ಮಟ್ಟಿಗೆ ಅದು ಕೈಕೊಡುತ್ತದೆ. ಪ್ರಮಾಣಿತ ಬೆಂಡೆ ಬೀಜಕ್ಕೆ ಕಡ್ಡಾಯ ಮಾಡಿರುವ ಕನಿಷ್ಠ ಮೊಳಕೆ ನೂರಕ್ಕೆ 65. ಅಂಥ ಬೀಜವನ್ನು ಒಂದೊಂದೇ ಹಾಕಿದರೆ ಯಂತ್ರ ಎಷ್ಟೇ ಚೊಕ್ಕವಾಗಿ ಬಿತ್ತಿದರೂ ನೂರರಲ್ಲಿ 35 ಜಾಗ ಖಾಲಿ. ಎರಡೆರಡು ಹಾಕಿದರೆ ಖಾಲಿ ಜಾಗ ಸುಮಾರು 12ಕ್ಕೆ ಇಳಿಯುತ್ತದೆ. ಹಾಗಂತ ಗುಳಿಯನ್ನು ದೊಡ್ಡದು ಮಾಡಿ ಎರಡು ಬೀಜ ಹಿಡಿಸಲು ಹೋಗಬೇಡಿ, ಆಗ ಒಂದು, ಎರಡು, ಮೂರು ಅಂತ ಮತ್ತೆ ಎಣಿಕೆ ತಪ್ಪುತ್ತದೆ. ಆರಕ್ಕೊಂದು ತೆರೆಯುವ ಬದಲು ಆರರಲ್ಲಿ ಅಕ್ಕಪಕ್ಕದ ಎರಡು ಗುಳಿ ತೆರೆದಿಡಿ, ಉಳಿದ ನಾಲ್ಕು ಮುಚ್ಚಿ. ಆಗ ಎರಡು ಬೀಜ 5 ಸೆಂ.ಮೀ. ದೂರದಲ್ಲಿ ಬೀಳುತ್ತವೆ, ಮುಂದಿನ ಜೋಡಿ 30 ಸೆಂ.ಮೀ.ಗೆ. ಎರಡೂ ಹುಟ್ಟಿದರೆ ಸೊರಗಿದ್ದನ್ನು ಕಿತ್ತುಹಾಕಿ. 5 ಸೆಂ.ಮೀ. ದೂರ ಇರುವುದರಿಂದ ಪಕ್ಕದ ಸಸಿಯ ಬೇರು ಅಲ್ಲಾಡುವುದಿಲ್ಲ. ಸಾಲಿನಿಂದ ಸಾಲಿಗೆ 45 ಸೆಂ.ಮೀ. ಇಟ್ಟರೆ ನಿಮ್ಮ ಹತ್ತು ಗುಂಟೆಗೆ ಏಳೂವರೆ ಸಾವಿರ ಜೋಡಿ ಆಗುತ್ತದೆ. ಬೀಜ ಒಂದು ಕೆಜಿ ಒಳಗೇ ಮುಗಿಯುತ್ತದೆ. ಬೀಜದ ಬೆಲೆ ಜಾಸ್ತಿಯಾಯಿತು ಅನಿಸಿದರೆ ಮೊದಲೇ ಒದ್ದೆ ಬಟ್ಟೆಯಲ್ಲಿ ನೂರು ಬೀಜ ಕಟ್ಟಿ ಮೊಳಕೆ ನೋಡಿ. ತೊಂಬತ್ತು ಮೊಳೆತರೆ ಒಂದೊಂದೇ ಬಿತ್ತಲು ಧೈರ್ಯ ಮಾಡಬಹುದು.

ರೋಲರನ್ನು 8 ಸೆಂ.ಮೀ. ಅಡ್ಡಳತೆಯ ನೈಲಾನ್ ಅಥವಾ ಎಚ್‌ಡಿಪಿಇ ರಾಡಿನಿಂದ ಲೇತ್‌ನಲ್ಲಿ ಮಾಡಿಸಿ. ದಾವಣಗೆರೆಯ ಯಾವ ಲೇತ್ ಅಂಗಡಿಯಲ್ಲಾದರೂ ಇದು ಅರ್ಧ ದಿನದ ಕೆಲಸ. ಮರದ್ದು ಅಗ್ಗ, ಆದರೆ ತೇವಕ್ಕೆ ಊದಿಕೊಂಡು ಕವಚಕ್ಕೆ ಉಜ್ಜುತ್ತದೆ, ಮತ್ತೆ ಚಕ್ರ ಜಾರುವುದಕ್ಕೆ ಅದೇ ಕಾರಣ. ಗುಳಿಯ ಅಗಲ ನಿಮ್ಮ ಬೀಜದ ಉದ್ದಕ್ಕಿಂತ ಹತ್ತರಲ್ಲಿ ಒಂದು ಪಾಲು ಜಾಸ್ತಿ ಇರಲಿ, ಆಳ ಬೀಜದ ದಪ್ಪದಷ್ಟೇ ಇರಲಿ. ಬೆಂಡೆಗೆ ಸಾಮಾನ್ಯವಾಗಿ 6 ಮಿ.ಮೀ. ಡ್ರಿಲ್, 5 ಮಿ.ಮೀ. ಆಳ ಹೊಂದುತ್ತದೆ. ಆದರೆ ತಳಿಯಿಂದ ತಳಿಗೆ ಬೀಜದ ಗಾತ್ರ ಬೇರೆ, ಹಾಗಾಗಿ ನಿಮ್ಮ ಪೊಟ್ಟಣದ ಇಪ್ಪತ್ತು ಬೀಜ ಲೇತ್ ಅಂಗಡಿಗೇ ಒಯ್ದು ವರ್ನಿಯರ್‌ನಲ್ಲಿ ಅಳೆಸಿ, ಅವುಗಳಲ್ಲಿ ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಮೂಲಂಗಿಗೆ, ಚವಳಿಗೆ ಬೇರೆ ಬೇರೆ ರೋಲರ್ ಬೇಕು. ಒಂದೇ ರೋಲರ್ ಎಲ್ಲ ಬೆಳೆಗೂ ಆಗುತ್ತದೆ ಅಂದವರ ಮಾತು ನಂಬಬೇಡಿ. 6 ಮಿ.ಮೀ. ಗುಳಿಯಲ್ಲಿ ಮೂಲಂಗಿ ಬೀಜ ನಾಲ್ಕೈದು ಕೂರುತ್ತವೆ. ಮೇಣ ಅಂತರ ಬದಲಿಸಲಿಕ್ಕೆ, ರೋಲರ್ ಬೆಳೆ ಬದಲಿಸಲಿಕ್ಕೆ, ಹೀಗೆ ಬೇರೆ ಬೇರೆ ಇಟ್ಟುಕೊಂಡರೆ ಗೊಂದಲ ಇರುವುದಿಲ್ಲ.

ಚಕ್ರ ಮುಂದೆ ಉರುಳಿದಾಗ ರೋಲರಿನ ಮೇಲ್ಭಾಗವೂ ಮುಂದಕ್ಕೇ ಹೋಗುತ್ತದೆ, ಅಲ್ವಾ? ಹಾಗಾಗಿ ಬೀಜ ಹೊತ್ತ ಗುಳಿ ಮುಂಬದಿಯಿಂದ ಕೆಳಗಿಳಿಯುತ್ತದೆ. ಆ ಮುಂಬದಿಗೆ ಒಂದು ಬಾಗಿದ ಕವಚ ಬೇಕು, ಇಲ್ಲದಿದ್ದರೆ ಬೀಜ ಅರ್ಧ ದಾರಿಯಲ್ಲೇ ಉದುರುತ್ತದೆ. ರೋಲರಿಗೂ ಕವಚಕ್ಕೂ ಮಧ್ಯೆ ಅರ್ಧ ಮಿ.ಮೀ. ಸಂದು ಸಾಕು. ಜಾಸ್ತಿ ಬಿಟ್ಟರೆ ಮೂಲಂಗಿ ಬೀಜ ಸಂದಿಗೆ ಸಿಕ್ಕಿ ಹೋಳಾಗುತ್ತದೆ. ಕವಚ ಶುರುವಾಗುವ ಕಡೆ ಗುಳಿಯ ಮೇಲೆ ಕೂತ ಹೆಚ್ಚುವರಿ ಬೀಜ ಗುಡಿಸಲು ಬ್ರಷ್ ಇರಬೇಕು. ಪೇಂಟ್ ಬ್ರಷ್ಷಿನ ಕೂದಲು ಒಂದು ಇಂಚಿಗೆ ಕತ್ತರಿಸಿದ್ದು ಚೆನ್ನಾಗಿ ನಡೆಯುತ್ತದೆ. ತಗಡಿನ ಪಟ್ಟಿ ಇಡಬೇಡಿ, ಬೀಜ ಒಡೆಯುತ್ತದೆ. ಬ್ರಷ್ ಬರೀ ತಾಗಬೇಕು, ಒತ್ತಬಾರದು. ಪರೀಕ್ಷೆ ಸುಲಭ. ಸಾಧನವನ್ನು ಎತ್ತಿ ಹಿಡಿದು ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿ ಬಿಡಿ. ಎರಡು ಸುತ್ತಾದರೂ ತಾನಾಗಿ ತಿರುಗಬೇಕು. ಗಕ್ಕನೆ ನಿಂತರೆ ಹೊಲದಲ್ಲಿ ಜಾರುತ್ತದೆ ಅಂತ ಈಗಲೇ ತಿಳಿದುಕೊಳ್ಳಿ. ಶಾಫ್ಟು 20 ಮಿ.ಮೀ. ಇಟ್ಟರೆ ಅದಕ್ಕೆ ಹೊಂದುವ 204 ನಂಬರಿನ ಪೆಡೆಸ್ಟಲ್ ಬೇರಿಂಗ್ ಎಲ್ಲ ಕಡೆ ಸಿಗುತ್ತದೆ.

ಬೆಂಡೆ ಬೀಜವನ್ನು ರಾತ್ರಿ ನೆನೆಹಾಕುವ ಅಭ್ಯಾಸ ಇದ್ದರೆ ಒಂದು ಎಚ್ಚರ. ಒದ್ದೆ ಬೀಜ ಒಂದಕ್ಕೊಂದು ಅಂಟಿ ಪೆಟ್ಟಿಗೆಯಲ್ಲೇ ಸೇತುವೆ ಕಟ್ಟಿಕೊಂಡು ನಿಲ್ಲುತ್ತದೆ. ನೆಂದ ಬೀಜ ಊದಿರುತ್ತದೆ, ಒಣ ಬೀಜಕ್ಕೆ ಅಂತ ಕೊರೆದ ಗುಳಿಗೆ ಹಿಡಿಯುವುದೂ ಇಲ್ಲ. ಈ ಸಾಧನಕ್ಕೆ ಒಣ ಬೀಜವೇ ಹಾಕಿ, ಬಿತ್ತಿದ ಮೇಲೆ ನೀರು ಕೊಡಿ.

ಇನ್ನು ಆ ಹೋಸ್ ಪೈಪು. ಅದನ್ನು ಇವತ್ತೇ ಕಿತ್ತು ಹಾಕಿ. ನೀವು ಗಂಟೆಗೆ ಎರಡು ಕಿ.ಮೀ. ವೇಗದಲ್ಲಿ ನಡೆದರೆ ಸೆಕೆಂಡಿಗೆ 55 ಸೆಂ.ಮೀ. ಮುಂದೆ ಹೋಗುತ್ತೀರಿ. ಒಂದು ಬೀಜ ನೇರವಾಗಿ ಬಿದ್ದು, ಇನ್ನೊಂದು ಪೈಪಿನ ಸುಕ್ಕಿಗೆ ಬಡಿದು ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ ಬಿದ್ದರೂ ಐದೂವರೆ ಸೆಂ.ಮೀ. ವ್ಯತ್ಯಾಸ. ಬೆಂಡೆಗೆ ಇದು ಗೊತ್ತಾಗುವುದಿಲ್ಲ. 10 ಸೆಂ.ಮೀ.ಗೆ ಬಿತ್ತುವ ಮೂಲಂಗಿಯಲ್ಲಿ ಅರ್ಧ ಅಂತರವೇ ಹೋಯಿತು. ಹೊಸ ಸಾಧನದಲ್ಲಿ ರೋಲರ್ ಶಾಫ್ಟಿನ ಮೇಲೇ ಇರುವುದರಿಂದ ಅದರ ತಳ ನೆಲದಿಂದ 15 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಅಲ್ಲಿಂದ ತಾಳಿನ ಹಿಂಬದಿಗೆ ಒಂದು ಇಂಚಿನ ನುಣುಪಾದ ನೇರ ಪೈಪು ಇಟ್ಟರೆ ಬೀಜಕ್ಕೆ ಎಲ್ಲೂ ಬಡಿಯಲು ಜಾಗವೇ ಇರುವುದಿಲ್ಲ. ಬಟ್ಟಲಿನಿಂದ ನೆಲದವರೆಗೆ ಉದ್ದ ಕೊಳವೆ ಇರುವ ನಮ್ಮ ಕೂರಿಗೆ ಚೆನ್ನಾಗಿಯೇ ಬಿತ್ತುತ್ತದಲ್ಲ ಅಂತ ಕೇಳಬಹುದು. ಅಲ್ಲಿ ಕಾಳು ಸಾಲುದ್ದಕ್ಕೂ ಸರಾಗ ಹರಿಯುತ್ತಿದ್ದರೆ ಸಾಕು, ಒಂದೊಂದಕ್ಕೂ ಅಂತರದ ಲೆಕ್ಕ ಇಲ್ಲ.

ಈಗ ತಾಳು. ನಿಮ್ಮ ಸಾಧನದ ದೊಡ್ಡ ತೊಂದರೆ ಇದೇ ಅಂತ ನನಗನಿಸುತ್ತದೆ, ಆದರೆ ನೀವು ಇದರ ಬಗ್ಗೆ ದೂರು ಹೇಳಿಲ್ಲ. ತಾಳು ಚಕ್ರಕ್ಕಿಂತ ಒಂದಡಿ ಮುಂದಿದೆ. ನಡೆಯುವಾಗ ಕೈ ಒಂದೇ ಎತ್ತರದಲ್ಲಿ ಇರುವುದಿಲ್ಲ, ಮೇಲೆ ಕೆಳಗೆ ಆಗುತ್ತದೆ. ಎಳೆಯುವ ಕೋಲು 180 ಸೆಂ.ಮೀ. ಉದ್ದ ಇದ್ದು ಕೈ 10 ಸೆಂ.ಮೀ. ಮೇಲೆದ್ದರೆ, ಚಕ್ರದಿಂದ 30 ಸೆಂ.ಮೀ. ಮುಂದಿರುವ ತಾಳು ಸುಮಾರು ಒಂದೂಮುಕ್ಕಾಲು ಸೆಂ.ಮೀ. ಮೇಲೇಳುತ್ತದೆ. ಮೂಲಂಗಿ ಬಿತ್ತಬೇಕಾದ ಆಳವೇ ಒಂದರಿಂದ ಒಂದೂವರೆ ಸೆಂ.ಮೀ.! ಅಂದರೆ ಒಂದು ಹೆಜ್ಜೆಗೆ ಬೀಜ ಮಣ್ಣಿನ ಮೇಲೆ, ಇನ್ನೊಂದು ಹೆಜ್ಜೆಗೆ ಎರಡು ಪಟ್ಟು ಆಳದಲ್ಲಿ. ಆಮೇಲೆ ಹುಟ್ಟದೆ ಹೋದ ಜಾಗಗಳನ್ನೆಲ್ಲ ನಾವು ಅಂತರದ ತಪ್ಪು ಅಂದುಕೊಳ್ಳುತ್ತೇವೆ. ಮಣ್ಣು ಕೆದಕಿ ನೋಡಿದರೆ ಬೀಜ ಅಲ್ಲೇ ಇರುತ್ತದೆ.

ತಾಳನ್ನು ಶಾಫ್ಟಿನ ನೇರ ಕೆಳಗೆ ತನ್ನಿ. ಆಗ ಕೈ ಮೇಲೆ ಕೆಳಗೆ ಆದರೂ ಇಡೀ ಚೌಕಟ್ಟು ಶಾಫ್ಟಿನ ಸುತ್ತ ಸ್ವಲ್ಪ ಬಾಗುತ್ತದೆ ಅಷ್ಟೇ, ತಾಳಿನ ತುದಿ ಕೂದಲೆಳೆಯಷ್ಟು ಹಿಂದೆ ಮುಂದೆ ಹೋಗುತ್ತದೆ, ಆಳ ಬದಲಾಗುವುದಿಲ್ಲ. ಇದಕ್ಕಾಗಿ ಒಂದು ಚಕ್ರದ ಬದಲು ಎರಡು ಚಕ್ರ ಬೇಕು, ಆಚೆಗೊಂದು ಈಚೆಗೊಂದು, ಮಧ್ಯೆ ರೋಲರ್, ಅದರ ಕೆಳಗೆ ತಾಳು. ಒಂದು ಚಕ್ರವನ್ನು ಶಾಫ್ಟಿಗೆ ಬೋಲ್ಟು ಹಾಕಿ ಬಿಗಿ ಮಾಡಿ, ರೋಲರನ್ನು ತಿರುಗಿಸುವುದು ಅದೇ. ಇನ್ನೊಂದು ಬುಷ್ ಮೇಲೆ ಬಿಡಿಯಾಗಿ ತಿರುಗಲಿ. ಎರಡನ್ನೂ ಬಿಗಿ ಮಾಡಿದರೆ ಸ್ವಲ್ಪ ಓರೆಯಾದ ಕಡೆಯೆಲ್ಲ ಒಂದು ಚಕ್ರ ಉಜ್ಜಲೇಬೇಕಾಗುತ್ತದೆ. ತಾಳಿನ ಮೂತಿ ಸಣ್ಣಗಿರಲಿ, ಎರಡು ಬೆರಳು ಅಗಲ ಮೀರಬಾರದು. ಆಳ ಹೊಂದಿಸಲು ಅದರ ಕಾಲಿಗೆ ಅರ್ಧ ಇಂಚಿಗೊಂದು ತೂತು, ಒಂದು ಪಿನ್. ಬೆಂಡೆಗೆ ಎರಡರಿಂದ ಎರಡೂವರೆ ಸೆಂ.ಮೀ. ಸಾಕು. ಮಣ್ಣು ಮುಚ್ಚಲು ಹಿಂದೆ ಒಂದು ತುಂಡು ಕಬ್ಬಿಣದ ಸರಪಳಿ ನೇತುಹಾಕಿ, ಎಳೆದುಕೊಂಡು ಬರುತ್ತದೆ.

ಚಕ್ರವನ್ನು 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಪಟ್ಟಿಯಿಂದ ಬಗ್ಗಿಸಿ. ಪಟ್ಟಿಯನ್ನು 120 ಸೆಂ.ಮೀ.ಗೆ ಕತ್ತರಿಸಿದರೆ ಹೊರ ಸುತ್ತಳತೆ 120ಕ್ಕಿಂತ ಜಾಸ್ತಿಯಾಗುತ್ತದೆ, ಪಟ್ಟಿಯ ದಪ್ಪ ಸೇರಿಕೊಳ್ಳುತ್ತದಲ್ಲ. 118.4ಕ್ಕೆ ಕತ್ತರಿಸಿ. ಮೇಲೆ ಹಿಡಿತಕ್ಕೆ 10 ಮಿ.ಮೀ. ಚೌಕ ಸರಳಿನ ಹನ್ನೆರಡು ತುಂಡು ಅಡ್ಡಲಾಗಿ ಬೆಸುಗೆ ಹಾಕಿಸಿ.

ಎಳೆಯುವ ಸಾಧನಕ್ಕೆ ತಳ್ಳುವ ಸಾಧನಕ್ಕಿಲ್ಲದ ಒಂದು ಕೆಟ್ಟ ಗುಣವಿದೆ. ಕೈ ಮೇಲಿರುತ್ತದೆ, ಚಕ್ರ ಕೆಳಗಿರುತ್ತದೆ, ಹಾಗಾಗಿ ಎಳೆತದ ಒಂದು ಪಾಲು ಸಾಧನವನ್ನು ಮೇಲಕ್ಕೆ ಎತ್ತುತ್ತದೆ. ಎಳೆತ 6 ಕೆಜಿ, ಕೈ ಚಕ್ರದ ಅಚ್ಚಿಗಿಂತ 50 ಸೆಂ.ಮೀ. ಮೇಲೆ ಅಂದುಕೊಳ್ಳಿ. ಕೋಲು 120 ಸೆಂ.ಮೀ. ಇದ್ದರೆ ಎರಡೂವರೆ ಕೆಜಿ ಭಾರ ಚಕ್ರದಿಂದ ಕಳೆದುಹೋಗುತ್ತದೆ. 180 ಇದ್ದರೆ ಒಂದೂಮುಕ್ಕಾಲು ಕೆಜಿಗಿಂತ ಕಡಿಮೆ. ಸಾಧನದ ತೂಕವೇ 11-12 ಕೆಜಿ ಇರುವಾಗ ಇದು ಸಣ್ಣ ಮಾತಲ್ಲ. ಅದಕ್ಕೇ ಉದ್ದ ಕೋಲು, ಅದೂ ಎರಡು. ಕೈಗಾಡಿ ಎಳೆಯುವವರ ಹಾಗೆ ಎರಡು ಕೋಲಿನ ಮಧ್ಯೆ ನಿಂತು, ಕೈ ಇಳಿಬಿಟ್ಟು ಹಿಡಿದು ನಡೆಯಿರಿ. ಒಂದೇ ಕೋಲಾದರೆ ನೀವು ಸಾಲಿನ ಮೇಲೇ ನಡೆಯುತ್ತೀರಿ, ಹೆಜ್ಜೆಯ ಗುಂಡಿಯಲ್ಲಿ ಬೀಜ ಒಂದು ಆಳಕ್ಕೆ, ಪಕ್ಕದಲ್ಲಿ ಇನ್ನೊಂದು ಆಳಕ್ಕೆ ಬೀಳುತ್ತದೆ. ಎರಡು ಕೋಲಿನ ಮಧ್ಯೆ ಇದ್ದರೆ ಕಾಲು ಸಾಲಿನ ಆಚೆ ಈಚೆ ಇಡುವುದು ರೂಢಿಯಾಗುತ್ತದೆ. ಬೀಜದ ಪೆಟ್ಟಿಗೆ ಶಾಫ್ಟಿನ ನೇರ ಮೇಲಿರಲಿ, ಆಗ ಕೈಗೆ ಭಾರ ಬರುವುದಿಲ್ಲ. ತೂಕ 12 ಕೆಜಿ ದಾಟದ ಹಾಗೆ ನೋಡಿಕೊಳ್ಳಿ, ಯಾಕಂದರೆ ಸಾಲಿನ ಕೊನೆಗೆ ಎತ್ತಿ ತಿರುಗಿಸಬೇಕು. ಹಿಂದಕ್ಕೆ ಮಾತ್ರ ತಳ್ಳಬೇಡಿ. ರೋಲರ್ ಉಲ್ಟಾ ತಿರುಗಿ ಬೀಜ ಬ್ರಷ್ಷಿಗೆ ಸಿಕ್ಕಿಕೊಳ್ಳುತ್ತದೆ, ತಾಳಿನ ಬಾಯಿಗೂ ಮಣ್ಣು ಮೆತ್ತುತ್ತದೆ.

ಎರಡು ಚಕ್ರದಿಂದ ಇನ್ನೊಂದು ಲಾಭ ಸುಮ್ನೆ ಸಿಗುತ್ತದೆ. ಚಕ್ರದಿಂದ ಚಕ್ರಕ್ಕೆ ಇರುವ ದೂರವನ್ನು ಸಾಲಿನ ಅಂತರಕ್ಕೇ ಸಮ ಮಾಡಿ. ಬೆಂಡೆಗೆ 45 ಅಂದರೆ ಚಕ್ರಗಳ ನಡುವೆಯೂ 45. ಒಂದು ಸಾಲು ಮುಗಿಸಿ ವಾಪಸ್ ಬರುವಾಗ, ಹೋದ ಸಲದ ಚಕ್ರದ ಗುರುತಿನ ಮೇಲೇ ಈ ಸಲದ ಒಂದು ಚಕ್ರ ಓಡಿಸಿ. ಸಾಲು ತಾನಾಗಿ 45 ಸೆಂ.ಮೀ.ಗೆ ಬೀಳುತ್ತದೆ, ಹಗ್ಗ ಹಿಡಿಯುವುದು ಮೊದಲನೇ ಸಾಲಿಗೆ ಮಾತ್ರ. ಮೂಲಂಗಿಗೆ 30 ಬೇಕಾದರೆ ಬೋಲ್ಟು ಸಡಿಲಿಸಿ ಚಕ್ರಗಳನ್ನು ಒಳಕ್ಕೆ ಸರಿಸಿದರೆ ಆಯಿತು. ಶಾಫ್ಟು 60 ಸೆಂ.ಮೀ.ಗಿಂತ ಉದ್ದ ಇಡಿ, ಅಚ್ಚಿನ ಹತ್ತಿರ ಚೌಕಟ್ಟು ಒಂದು ಗೇಣಿಗಿಂತ ಅಗಲ ಆಗದಿರಲಿ, ಕೋಲುಗಳು ಮುಂದಕ್ಕೆ ಹೋಗುತ್ತಾ ಅಗಲವಾಗಲಿ.

ಮಾಡಿದ ಮೇಲೆ ನೇರ ಹೊಲಕ್ಕೆ ಹೋಗಬೇಡಿ. ಮೊದಲು ಅಂಗಳದಲ್ಲಿ ಸಾಧನವನ್ನು ಎರಡು ಇಟ್ಟಿಗೆ ಮೇಲೆ ಏರಿಸಿ, ಕೆಳಗೆ ಬಟ್ಟೆ ಹಾಸಿ, ಚಕ್ರವನ್ನು ಹತ್ತು ಸುತ್ತು ತಿರುಗಿಸಿ. ಒಂದು ಸುತ್ತಿಗೆ ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯಬೇಕು, ಹೊಲದಲ್ಲಿ ನಡೆಯುವ ವೇಗ ಅದೇ. ಬೆಂಡೆಗೆ ನಾಲ್ಕು ಜೋಡಿ ತೆರೆದಿದ್ದರೆ ಹತ್ತು ಸುತ್ತಿಗೆ 80 ಬೀಜ ಬೀಳಬೇಕು. 74ರಿಂದ 86ರ ಒಳಗಿದ್ದರೆ ಮುಂದೆ ಹೋಗಿ. 60 ಬಿದ್ದರೆ ಗುಳಿ ತುಂಬುತ್ತಿಲ್ಲ, ಡ್ರಿಲ್ ಕಾಲು ಮಿ.ಮೀ. ದೊಡ್ಡದು ಮಾಡಿಸಿ. 100 ದಾಟಿದರೆ ಗುಳಿ ಆಳ ಜಾಸ್ತಿಯಾಗಿದೆ ಅಥವಾ ಬ್ರಷ್ ತಾಗುತ್ತಿಲ್ಲ. ಬಟ್ಟೆ ಮೇಲೆ ಹೋಳಾದ ಬೀಜ ಇದೆಯೇ ಅಂತಲೂ ನೋಡಿ. ಅದೇ ರೋಲರನ್ನು ಎರಡು ಪಟ್ಟು ಜೋರಾಗಿ ತಿರುಗಿಸಿದರೆ ಎಣಿಕೆ ಇಳಿಯುವುದು ನಿಮಗೇ ಕಾಣುತ್ತದೆ, ಗುಳಿಗೆ ಬೀಜ ಕೂರುವಷ್ಟು ಹೊತ್ತು ಸಿಗುವುದಿಲ್ಲ. ಚೈನು ಹಾಕಿ ರೋಲರನ್ನು ಬೇಗ ತಿರುಗಿಸಿದರೂ ಆಗುವುದು ಇದೇ.

ಎರಡನೆಯದು ಜಾರುವಿಕೆ. ಹದ ಮಾಡಿದ ಮಡಿಯಲ್ಲೇ, ಬಿತ್ತನೆಯ ಆಳಕ್ಕೆ ತಾಳು ಇಳಿಸಿ, ಚಕ್ರಕ್ಕೆ ಒಂದು ಕಡೆ ಬಣ್ಣದ ಗುರುತು ಹಾಕಿ 20 ಸುತ್ತು ಎಳೆಯಿರಿ. ಲೆಕ್ಕಕ್ಕೆ 24 ಮೀಟರ್ ಆಗಬೇಕು. ನಿಮಗೆ 26 ಬಂತು ಅಂದುಕೊಳ್ಳಿ. ಹೆದರಬೇಡಿ, 30 ಸೆಂ.ಮೀ. ಬದಲು ಮೂವತ್ತೆರಡೂವರೆಗೆ ಬಿತ್ತನೆಯಾಗುತ್ತದೆ, ಬೆಂಡೆ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಗಟ್ಟಿ ನೆಲದಲ್ಲಿ ಚಕ್ರದ ಹಲ್ಲುಗಳೇ ಸುತ್ತಳತೆಯನ್ನು ಸ್ವಲ್ಪ ಹೆಚ್ಚಿಸುತ್ತವೆ, ಜಾರುವಿಕೆ ಇಲ್ಲದೆಯೂ 25 ಮೀಟರ್ ಬರಬಹುದು. ಮೂರು ಸಲ ಎಳೆದಾಗ 25, 29, 26 ಅಂತ ಬಂದರೆ ಆಗ ಚಿಂತೆ ಮಾಡಿ. ಒಂದೇ ಸಮ ಜಾರುವ ಚಕ್ರ ತೊಂದರೆ ಕೊಡುವುದಿಲ್ಲ, ಆಗಾಗ ನಿಂತು ನಿಂತು ಜಾರುವ ಚಕ್ರವೇ ಎರಡಡಿ ಖಾಲಿ ಬಿಡುವುದು. ಅದಕ್ಕೆ ಕಾರಣ ಹೆಚ್ಚಾಗಿ ಹೆಂಟೆ, ಇಲ್ಲವೇ ತಾಳು ಗಟ್ಟಿ ಮಣ್ಣಿನ ಮೇಲೆ ಏರಿ ಚಕ್ರವನ್ನೇ ನೆಲದಿಂದ ಎತ್ತಿಬಿಡುವುದು. ಮಡಿ ನುಣ್ಣಗೆ ಮಾಡದೆ ಈ ಸಾಧನ ಕೆಲಸ ಮಾಡುವುದಿಲ್ಲ. ಒಂದು ಸಲ ಹೆಚ್ಚಿಗೆ ಕುಂಟೆ ಹೊಡೆಯಿರಿ.

ಕೆಂಪು ಮಣ್ಣಿಗೆ ಇನ್ನೊಂದು ಮಾತು. ಬಿತ್ತಿದ ಮೇಲೆ ಜೋರು ಮಳೆ ಬಂದು ಬಿಸಿಲು ಬಿದ್ದರೆ ಮೇಲ್ಪದರ ಹೆಪ್ಪುಗಟ್ಟಿ ಮೊಳಕೆ ಮೇಲೇಳಲು ಬಿಡುವುದಿಲ್ಲ. ಅದಕ್ಕೇ ಹಿಂದೆ ಭಾರದ ಒತ್ತುವ ಉರುಳೆ ಹಾಕಬೇಡಿ, ಸರಪಳಿ ಸಾಕು ಅಂದದ್ದು. ಎರೆ ಭೂಮಿಯವರು ಇದನ್ನೇ ಮಾಡಿಸಿಕೊಂಡರೆ ಅವರ ತೊಂದರೆ ಬೇರೆ. ಹಸಿ ಇದ್ದಾಗ ಚಕ್ರಕ್ಕೆ ಮಣ್ಣು ಮೆತ್ತಿ ಚಕ್ರ ದಪ್ಪವಾಗುತ್ತದೆ, ಅಂತರ ಉದ್ದವಾಗುತ್ತಾ ಹೋಗುತ್ತದೆ. ಹಿಡಿ ಮಣ್ಣನ್ನು ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಟ್ಟಾಗ ಒಡೆಯದಿದ್ದರೆ ಅವತ್ತು ಬಿತ್ತನೆ ಬೇಡ.

ಚೈನು ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಬೇರೆ ಅಳತೆಯ ಗಟ್ಟಿ ಚಕ್ರ ಇದೆ, ಅದನ್ನೇ ಬಳಸಬೇಕು ಅನ್ನುವವರಿಗೆ ಅದು ಸರಿ. ಚಕ್ರಕ್ಕೆ 18 ಹಲ್ಲು, ರೋಲರಿಗೆ 24 ಹಲ್ಲು ಹಾಕಿದರೆ 30 ಇದ್ದದ್ದು 40 ಆಗುತ್ತದೆ, ಹೀಗೆ ಸಣ್ಣ ಹೊಂದಾಣಿಕೆ ಸಾಧ್ಯ. ಆದರೆ ರೋಲರನ್ನು ಚಕ್ರಕ್ಕಿಂತ ನಿಧಾನವಾಗಿ ತಿರುಗಿಸುವ ಕಡೆಗೇ ಹೋಗಬೇಕು, ವೇಗದ ಕಡೆಗಲ್ಲ. ಚೈನಿಗೆ ತಗಡಿನ ಮುಚ್ಚಳ ಬೇಕೇ ಬೇಕು. ಇಷ್ಟೆಲ್ಲ ಯಾಕೆ, ಕೊಂಡೇ ಬಿಡೋಣ ಅನಿಸಿದರೆ ರೋಲರ್ ಬದಲಿಸುವಂಥ ಒಂದು ಸಾಲಿನ ತಳ್ಳುವ ಬಿತ್ತನೆ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಕೊಳ್ಳುವ ಮೊದಲು ನಿಮ್ಮ ಬೀಜ ಒಯ್ದು ಅಂಗಡಿಯಲ್ಲೇ ಆ ಹತ್ತು ಸುತ್ತಿನ ಎಣಿಕೆ ಮಾಡಿ ನೋಡಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಿ ನೋಡಬಹುದು. ಚಿತ್ರದುರ್ಗದ ಕಡೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂ ಹತ್ತಿರ.

ನೀವು ಕೇಳದಿದ್ದರೂ ನಿಮ್ಮ ಕಡೆಯವರು ಮುಂದೆ ಕೇಳುವುದು ಈರುಳ್ಳಿಯನ್ನೇ, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ. ಈ ಒಂದು ಸಾಲಿನ ಸಾಧನ ಈರುಳ್ಳಿಗೆ ಬೇಡ. ಸಾಲು 15 ಸೆಂ.ಮೀ.ಗೆ ಅಂದರೆ ಹತ್ತು ಗುಂಟೆಗೆ ಆರೂಮುಕ್ಕಾಲು ಕಿ.ಮೀ. ನಡೆಯಬೇಕು, ಬೆಂಡೆಗೆ ಎರಡೂಕಾಲು ಸಾಕಿತ್ತು. ಅದಕ್ಕಿಂತ ಮುಖ್ಯವಾಗಿ ಚಕ್ರ ಪಕ್ಕದ ಸಾಲಿನ ಬೀಜದ ಮೇಲೇ ಓಡುತ್ತದೆ. ಅದಕ್ಕೆ ಅಗಲವಾದ ಬೇರೆ ಚೌಕಟ್ಟು ಬೇಕು. ಒಂದೇ ಶಾಫ್ಟಿನ ಮೇಲೆ 15 ಸೆಂ.ಮೀ.ಗೊಂದರಂತೆ ಮೂರು ರೋಲರ್, ಕೆಳಗೆ ಮೂರು ತಾಳು, ಹೊರಗೆ 45 ಸೆಂ.ಮೀ. ದೂರದಲ್ಲಿ ಚಕ್ರಗಳು. ಇಲ್ಲೂ ಚಕ್ರದ ಗುರುತಿನ ಮೇಲೆ ಚಕ್ರ ಓಡಿಸಿದರೆ ಮುಂದಿನ ಮೂರು ಸಾಲು ಸರಿಯಾಗಿ 15ಕ್ಕೇ ಕೂರುತ್ತವೆ. ಮೂರು ತಾಳಿನ ಎಳೆತ ಒಬ್ಬರಿಗೆ ಭಾರವಾಗುತ್ತದೆ, ಇಬ್ಬರು ಬೇಕು. ಈರುಳ್ಳಿ ಬೀಜ ಸಣ್ಣದು, ಮೂಲೆ ಮೂಲೆಯಾಗಿರುತ್ತದೆ, ಗುಳಿಗೆ ಒಂದೊಂದೇ ಕೂರುವುದಿಲ್ಲ, ಒಂದೆರಡು ಹೆಚ್ಚಿಗೆ ಬಿದ್ದೇ ಬೀಳುತ್ತದೆ. ಹುಟ್ಟಿದ ಮೇಲೆ ತೆಳುವು ಮಾಡುವ ಕೆಲಸ ಉಳಿದೇ ಉಳಿಯುತ್ತದೆ. ಮೊದಲು ಬೆಂಡೆಯ ರೋಲರ್ ಒಂದು ಮಾಡಿಸಿ, ಎರಡು ಸಾಲು ಎಳೆದು, ಮಣ್ಣು ಕೆದಕಿ ಬೀಜ ಎಲ್ಲೆಲ್ಲಿ ಬಿದ್ದಿದೆ ಅಂತ ಟೇಪು ಹಿಡಿದು ಅಳೆಯಿರಿ. ಆ ಅಳತೆ ಕಳಿಸಿದರೆ ಮೂಲಂಗಿ ರೋಲರಿಗೆ ಎಷ್ಟು ಮಿ.ಮೀ. ಡ್ರಿಲ್ ಹಾಕಿಸಬೇಕು ಅಂತ ನೋಡೋಣ.